ಡ್ರಾಯಿಂಗ್‌ನಲ್ಲಿ 25 ಅಂದರೆ ಡ್ರಿಲ್ಲಿನ ಮೂತಿಗೆ 25 ಅಲ್ಲ

ನನ್ನ ಮೇಜಿನ ಮೇಲೆ ಒಂದು ಕಬ್ಬಿಣದ ತುಂಡು ಇದೆ. ಡ್ರಿಲ್ ಹಾಕಿ, ಆಮೇಲೆ ತೂತಿನ ನಡುಮಧ್ಯಕ್ಕೆ ಗರಗಸ ಹಿಡಿದು ಸೀಳಿ, ಫೈಲ್ ಹೊಡೆದು ನುಣ್ಣಗೆ ಮಾಡಿದ್ದು. ಸೀಳಿದ ಮುಖ ನೋಡಿದರೆ ತೂತಿನ ಎರಡು ಗೋಡೆ ನೇರವಾಗಿ ಇಳಿದು, ಒಂದು ಜಾಗದಲ್ಲಿ ಒಳಕ್ಕೆ ತಿರುಗಿ, ಕೆಳಗೆ ಒಂದು ಚೂಪಿಗೆ ಸೇರುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಅದನ್ನು ಕೈಗೆ ಕೊಟ್ಟು ಒಂದೇ ಪ್ರಶ್ನೆ ಕೇಳುತ್ತೇನೆ: "ಇದರ ಆಳ ಎಲ್ಲಿಂದ ಎಲ್ಲಿಗಪ್ಪಾ?" ಹತ್ತರಲ್ಲಿ ಎಂಟು ಜನ ಚೂಪಿನ ತುದಿಗೆ ಬೆರಳಿಡುತ್ತಾರೆ.

ಪೀಣ್ಯದ ಶೆಡ್ಡುಗಳಲ್ಲಿ ಇಷ್ಟು ವರ್ಷ ಕೆಲಸ ಮಾಡಿ, ನಾನು ಮತ್ತೆ ಮತ್ತೆ ನೋಡುತ್ತಿರುವ ತಪ್ಪು ಇದೇ. ಬ್ಲೈಂಡ್ ಹೋಲ್ ಅಂದರೆ ಆಚೆ ಕಡೆ ತೂರದೆ ಒಳಗೇ ನಿಲ್ಲುವ ತೂತು. ಅದಕ್ಕೆ ಡ್ರಾಯಿಂಗ್‌ನಲ್ಲಿ "ಆಳ 25" ಅಂತ ಬರೆದಿದ್ದರೆ, ಬೇರೇನೂ ಹೇಳದೇ ಇದ್ದಾಗ, ಅದು ಪೂರ್ತಿ ಅಗಲದ ಆಳ. ಅಂದರೆ ನೇರ ಗೋಡೆ ಮುಗಿಯುವ ಜಾಗದವರೆಗೆ. ಕೆಳಗಿನ ಕೋನ್ ಆ ಲೆಕ್ಕದಲ್ಲಿಲ್ಲ. ಆದರೆ ಮಷೀನ್‌ಗೆ ಗೋಡೆ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿಲ್ಲ. ಟೂಲ್ ಆಫ್‌ಸೆಟ್ ತೆಗೆಯುವಾಗ ನಾವು ಮುಟ್ಟಿಸಿದ್ದು ಡ್ರಿಲ್ಲಿನ ಚೂಪು ತುದಿ. ಹಾಗಾಗಿ ಪ್ರೋಗ್ರಾಮ್‌ನಲ್ಲಿ ಕೊಡುವ Z ಚೂಪು ಎಲ್ಲಿಗೆ ಹೋಗಬೇಕು ಅನ್ನುವುದು. ಒಬ್ಬರು ಗೋಡೆಯ ಲೆಕ್ಕ ಹೇಳುತ್ತಿದ್ದಾರೆ, ಇನ್ನೊಬ್ಬರು ತುದಿಯ ಲೆಕ್ಕ ಕೇಳುತ್ತಿದ್ದಾರೆ. ನಡುವಿನ ವ್ಯತ್ಯಾಸವೇ ಕೋನಿನ ಎತ್ತರ.

ಆ ಎತ್ತರ ಎಷ್ಟು ಅನ್ನುವುದು ಕಷ್ಟದ ಲೆಕ್ಕವಲ್ಲ. ಮಾಮೂಲಿ ಎಚ್‌ಎಸ್‌ಎಸ್ ಡ್ರಿಲ್ಲಿನ ಮೂತಿ 118 ಡಿಗ್ರಿ. ನಡುಗೆರೆಯಿಂದ ಒಂದು ಕಡೆಗೆ ಅದರ ಅರ್ಧ, 59 ಡಿಗ್ರಿ. ಡ್ರಿಲ್ಲಿನ ಅರ್ಧ ಅಗಲವನ್ನು ಟ್ಯಾನ್ 59ರಿಂದ, ಅಂದರೆ 1.664ರಿಂದ ಭಾಗಿಸಿದರೆ ಕೋನಿನ ಎತ್ತರ ಸಿಗುತ್ತದೆ. 8.5 ಮಿ.ಮೀ ಡ್ರಿಲ್ ತಗೊಳ್ಳಿ. ಅರ್ಧ 4.25. ಭಾಗಿಸಿದರೆ 2.55. ಪ್ರತಿ ಸಲ ಟ್ಯಾನ್ ಒತ್ತಬೇಕಾಗಿಲ್ಲ. 118 ಡಿಗ್ರಿಗೆ ಡ್ರಿಲ್ಲಿನ ಅಗಲವನ್ನು 0.3ರಿಂದ ಗುಣಿಸಿದರೆ ಸಾಕು, ಅದೇ 2.55 ಬರುತ್ತದೆ. 25ಕ್ಕೆ ಇದನ್ನು ಕೂಡಿಸಿ. ಚೂಪು 27.55ಕ್ಕೆ ಹೋಗಬೇಕು.

ಬರೀ ಎರಡೂವರೆ ಮಿ.ಮೀ ತಾನೇ, ಏನಾಗುತ್ತದೆ ಅಂತ ಕೇಳುವವರಿದ್ದಾರೆ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಒಂದು ಕಡೆ 30 ಮಿ.ಮೀ ದಪ್ಪದ ಇಎನ್8 ಪ್ಲೇಟು. ಅದರಲ್ಲಿ M10, 1.5 ಪಿಚ್ ಥ್ರೆಡ್. ಪೂರ್ತಿ ಥ್ರೆಡ್ 20 ಮಿ.ಮೀ ಬೇಕು. ಡ್ರಿಲ್ 8.5, ಆಳ 25. ಐಟಿಐ ಮುಗಿಸಿ ಬಂದ ಹುಡುಗ, ಕೈ ಒಳ್ಳೆಯದು, ಪ್ರೋಗ್ರಾಮ್ ಅವನೇ ಬರೆದಿದ್ದ. Z-25 ಅಂತ ಕೊಟ್ಟ. ಡ್ರಿಲ್ಲಿಂಗ್ ಚೆನ್ನಾಗಿಯೇ ಆಯಿತು. ಟ್ಯಾಪ್ ಇಳಿಯಿತು, ಮೊದಲನೇ ತೂತಿನಲ್ಲೇ ಟಕ್ ಅಂತ ಮುರಿಯಿತು. ಟ್ಯಾಪ್ ಸರಿಯಿಲ್ಲ ಅಂತ ಇನ್ನೊಂದು ಹಾಕಿದರು. ಅದೂ ಹೋಯಿತು. ಆಯಿಲ್ ಬದಲಾಯಿಸಿದರು, ಸ್ಪೀಡ್ ಇಳಿಸಿದರು. ನಾನು ಹೋಗುವ ಹೊತ್ತಿಗೆ ಮೂರು ಟ್ಯಾಪು ಜಾಬಿನೊಳಗೆ ಕೂತಿದ್ದವು. ಅವನ್ನು ತೆಗೆಸಲು ಸ್ಪಾರ್ಕ್ ಎರೋಷನ್ ಅಂಗಡಿಗೆ ಹೊತ್ತುಕೊಂಡು ಹೋಗಬೇಕಾಯಿತು.

ಒಳಗೆ ಆಗಿದ್ದು ಇಷ್ಟು. ಚೂಪು 25ಕ್ಕೆ ನಿಂತಾಗ ನೇರ ಗೋಡೆ 22.45ಕ್ಕೇ ಮುಗಿದಿತ್ತು. ಟ್ಯಾಪಿನ ತುದಿಯಲ್ಲಿ ಸುಮಾರು ಎರಡೂವರೆ ಸುತ್ತು ಇಳಿಜಾರಾಗಿ ಸಣ್ಣಗಿರುತ್ತವೆ, ಅಲ್ಲಿ ಪೂರ್ತಿ ಥ್ರೆಡ್ ಬೀಳುವುದಿಲ್ಲ. 1.5 ಪಿಚ್‌ಗೆ ಅದು 3.75 ಮಿ.ಮೀ. ಪೂರ್ತಿ ಥ್ರೆಡ್ 20 ಬೇಕಾದರೆ ಟ್ಯಾಪಿನ ತುದಿ 23.75ಕ್ಕೆ ಹೋಗಲೇಬೇಕು. ಗೋಡೆ ಇರುವುದು 22.45ರವರೆಗೆ. ಅದರ ಕೆಳಗೆ ಕೋನ್ ಕಿರಿದಾಗುತ್ತಾ ಹೋಗುತ್ತದೆ, ಟ್ಯಾಪ್ ಅಲ್ಲಿ ಬೆಣೆ ಹೊಡೆದಂತೆ ಸಿಕ್ಕಿಕೊಳ್ಳುತ್ತದೆ. ಸ್ಪಿಂಡಲ್ ಮಾತ್ರ ತಿರುಗುತ್ತಲೇ ಇರುತ್ತದೆ. ಇನ್ನೇನು ಆಗಬೇಕು ಹೇಳಿ. ಡ್ರಾಯಿಂಗ್ ಮಾಡಿದವರು 25 ಅಂತ ಕೊಟ್ಟದ್ದು ಸುಮ್ನೆ ಅಲ್ಲ. 23.75 ಹೋಗಿ ಇನ್ನೂ ಒಂದೂಕಾಲು ಮಿ.ಮೀ ಗೋಡೆ ಉಳಿಯಲಿ ಅಂತ ಯೋಚನೆ ಮಾಡಿಯೇ ಕೊಟ್ಟಿದ್ದರು.

ಇಲ್ಲಿಯವರೆಗೆ ಹೇಳಿದ್ದು ಒಪ್ಪಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಜಾಸ್ತಿ ಬೇಜಾರು ಮಾಡುವುದು ಅಳತೆ ನೋಡುವ ಕಡೆ. ತಪ್ಪು ತೂತನ್ನು ವರ್ನಿಯರ್‌ನ ಹಿಂದಿನ ಡೆಪ್ತ್ ಕಡ್ಡಿಯಿಂದ ನೋಡುತ್ತಾರೆ. ಆ ಕಡ್ಡಿ ತೆಳ್ಳಗಿರುತ್ತದೆ. ಅದು ಕೋನಿನ ಇಳಿಜಾರಿನಲ್ಲಿ ಜಾರಿ, ತುದಿಯ ಹತ್ತಿರ ಹೋಗಿ ಕೂರುತ್ತದೆ. 24 ದಾಟಿ, 25ರ ಹತ್ತಿರ ತೋರಿಸುತ್ತದೆ. ಟಾಲರೆನ್ಸ್ ಸ್ವಲ್ಪ ಸಡಿಲವಾಗಿದ್ದರೆ ಜಾಬ್ ಪಾಸ್. ಅದೇ ಕೋನ್ ಕೂಡಿಸಿ ಸರಿಯಾಗಿ ಹಾಕಿದ ತೂತು 27 ತೋರಿಸುತ್ತದೆ. "ಆಳ ಜಾಸ್ತಿ ಆಗಿದೆ ಸರ್" ಅಂತ ಕೆಂಪು ಟ್ಯಾಗ್ ಕಟ್ಟುತ್ತಾರೆ. ಸರಿ ಮಾಡಿದ ಹುಡುಗ ಬೈಸಿಕೊಂಡು, ಮುಂದಿನ ಸಲ Z-25 ಅಂತಲೇ ಕೊಡುತ್ತಾನೆ. ಪ್ರೋಗ್ರಾಮ್ ಬರೆದವನೂ ಇನ್‌ಸ್ಪೆಕ್ಟರೂ ಒಂದೇ ತಪ್ಪು ಮಾಡಿದಾಗ ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಟ್ಯಾಪ್ ಮುರಿಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ನಾನು ಮಾಡುವ ಉಪಾಯ ಒಂದು ಪಿನ್ನು. ತೂತು 8.5 ಆದರೆ, 8.4 ಅಗಲದ, ತುದಿ ಸಪಾಟಾಗಿರುವ ಪಿನ್ನು. ತೂತನ್ನು ಏರ್ ಹೊಡೆದು ಚೊಕ್ಕ ಮಾಡಿ ಪಿನ್ ಇಳಿಸಿದರೆ, ಅದು ಗೋಡೆ ಮುಗಿಯುವ ಜಾಗ ದಾಟಿದ ಕೂಡಲೇ ಕೋನಿಗೆ ತಗುಲಿ ನಿಲ್ಲುತ್ತದೆ. 0.1 ಸಡಿಲದಿಂದ ಬರುವ ವ್ಯತ್ಯಾಸ 0.03 ಮಿ.ಮೀ, ಬಿಟ್ಟುಬಿಡಬಹುದು. ಪಿನ್ನಿನ ಉದ್ದದಲ್ಲಿ ಮೇಲೆ ಉಳಿದದ್ದನ್ನು ಕಳೆದರೆ ಪೂರ್ತಿ ಅಗಲದ ಆಳ ಸಿಕ್ಕಿತು. 40 ಮಿ.ಮೀ ಪಿನ್ ಮೇಲೆ 15 ಉಳಿದರೆ ಆಳ 25. ಹದಿನೇಳೂವರೆ ಉಳಿದರೆ ಕೋನ್ ಕೂಡಿಸಿಲ್ಲ ಅಂತ ಅಲ್ಲೇ ತಿಳಿಯುತ್ತದೆ.

ಇನ್ನೊಂದು ಎಚ್ಚರಿಕೆ ಹೇಳಬೇಕು, ಯಾಕೆಂದರೆ ಕೋನ್ ಕೂಡಿಸಬೇಕು ಅಂತ ಒಮ್ಮೆ ಕಲಿತವರು ಎಲ್ಲ ಕಡೆ ಕೂಡಿಸುತ್ತಾರೆ. ಕ್ಯಾಮ್ ಸಾಫ್ಟ್‌ವೇರ್‌ಗಳಲ್ಲಿ ಆಳವನ್ನು ತುದಿಗೆ ಹಿಡಿಯಬೇಕಾ, ಪೂರ್ತಿ ಅಗಲಕ್ಕೆ ಹಿಡಿಯಬೇಕಾ ಅಂತ ಆಯ್ಕೆ ಇರುತ್ತದೆ. ಪೂರ್ತಿ ಅಗಲ ಅಂತ ಆರಿಸಿದ್ದರೆ ಅದೇ 2.55 ಕೂಡಿಸಿಕೊಳ್ಳುತ್ತದೆ. ಅದು ಗೊತ್ತಿಲ್ಲದೆ ಒಬ್ಬರು ಆಳದ ಜಾಗದಲ್ಲಿ 27.55 ಅಂತ ತುಂಬಿದ್ದರು. ಮಷೀನ್‌ಗೆ ಹೋದದ್ದು 30.10. ಪ್ಲೇಟಿನ ದಪ್ಪ 30. ಚೂಪು 0.10 ಆಚೆ ಬಂದು, ಕೆಳಗಿನ ಮುಖದಲ್ಲಿ ಸೂಜಿ ಚುಚ್ಚಿದಷ್ಟು, ಸುಮಾರು 0.3 ಮಿ.ಮೀ ತೂತು ಬಿತ್ತು. ಅದು ಆಯಿಲ್ ಪ್ರೆಶರ್ ತಡೆಯಬೇಕಾದ ಬ್ಲಾಕು. ಕಣ್ಣಿಗೆ ಕಾಣಲಿಲ್ಲ, ಟೆಸ್ಟಿಂಗ್‌ನಲ್ಲಿ ಎಣ್ಣೆ ಜಿನುಗಿದಾಗಲೇ ಗೊತ್ತಾದದ್ದು. ಹಾಗಾಗಿ ಪೋಸ್ಟ್ ಮಾಡಿದ ಮೇಲೆ ಪ್ರೋಗ್ರಾಮ್ ತೆರೆದು Z ಎಷ್ಟು ಬಂದಿದೆ ಅಂತ ಒಂದು ಸಲ ಕಣ್ಣಾಡಿಸಿ. ತುದಿಯ ಕೆಳಗೆ ಎಷ್ಟು ಲೋಹ ಉಳಿಯುತ್ತದೆ ಅಂತಲೂ ಕಳೆದು ನೋಡಿ. ಸರಿಯಾದ ಲೆಕ್ಕದಲ್ಲೇ ಈ ಪ್ಲೇಟಿನಲ್ಲಿ ಉಳಿಯುವುದು 2.45 ಮಾತ್ರ. ಅದು ಸಾಕಾ ಇಲ್ಲವಾ ಅನ್ನುವುದು ಡಿಸೈನ್ ಮಾಡಿದವರು ಹೇಳಬೇಕಾದ ಮಾತು. ಅನುಮಾನ ಇದ್ದರೆ ಡ್ರಿಲ್ ಹಾಕುವ ಮೊದಲೇ ಫೋನ್ ಮಾಡಿ ಕೇಳಿ.

ಕೈಯಲ್ಲಿ ಪ್ರೋಗ್ರಾಮ್ ಬರೆಯುವವರಿಗೆ, ಮ್ಯಾಕ್ರೋ ಇರುವ ಕಂಟ್ರೋಲರ್ ಆದರೆ, ಲೆಕ್ಕವನ್ನು ಮಷೀನ್‌ಗೇ ಬಿಡಬಹುದು. ಫ್ಯಾನಕ್‌ನಲ್ಲಿ ನಾನು ಬರೆಯುವುದು ಹೀಗೆ:

```
#101=25.0
#102=8.5
#103=118.0
#104=#101+[#102/2]/TAN[#103/2]
G98 G83 X0 Y0 Z-#104 R2.0 Q3.0 F120
```

ಮೊದಲ ಸಾಲು ಡ್ರಾಯಿಂಗ್ ಆಳ, ಎರಡನೆಯದು ಡ್ರಿಲ್ಲಿನ ಅಗಲ, ಮೂರನೆಯದು ಮೂತಿಯ ಕೋನ. ಫೀಡ್ ನಿಮ್ಮ ಡ್ರಿಲ್ಲಿಗೆ, ನಿಮ್ಮ ಮೆಟೀರಿಯಲ್‌ಗೆ ತಕ್ಕಂತೆ ಬದಲಾಯಿಸಿಕೊಳ್ಳಿ. ಹೀಗೆ ಬರೆದರೆ ಆಪರೇಟರ್‌ಗೆ ಡ್ರಾಯಿಂಗ್‌ನಲ್ಲಿರುವ 25 ಪ್ರೋಗ್ರಾಮ್‌ನಲ್ಲೂ 25 ಆಗಿಯೇ ಕಾಣುತ್ತದೆ. ಅವನು ಗಾಬರಿಯಾಗಿ 27.55ನ್ನು "ಸರಿ" ಮಾಡಲು ಹೋಗುವುದಿಲ್ಲ.

ಮೂರನೇ ಸಾಲಿನ ಕೋನ ಎಲ್ಲ ಡ್ರಿಲ್ಲಿಗೂ 118 ಅಲ್ಲ. 135 ಡಿಗ್ರಿ ಮೂತಿಯ ಡ್ರಿಲ್ ಬೇಕಾದಷ್ಟಿವೆ, ಅವಕ್ಕೆ 0.3ರ ಬದಲು 0.207. ಸಾಲಿಡ್ ಕಾರ್ಬೈಡ್‌ನಲ್ಲಿ 140 ಸಾಮಾನ್ಯ, ಅದಕ್ಕೆ 0.182. ತೊಂದರೆ ಬರುವುದು ರಾತ್ರಿ ಪಾಳಿಯಲ್ಲಿ. ಕಾರ್ಬೈಡ್ ಡ್ರಿಲ್ಲಿಗೆ ಲೆಕ್ಕ ಮಾಡಿ 26.55 ಅಂತ ಕೊಟ್ಟಿರುತ್ತಾರೆ. ಆ ಡ್ರಿಲ್ ಮುರಿಯುತ್ತದೆ, ಸ್ಟೋರ್‌ನಲ್ಲಿ ಇನ್ನೊಂದು ಇರುವುದಿಲ್ಲ. 8.5 ತಾನೇ ಅಂತ ಎಚ್‌ಎಸ್‌ಎಸ್ ಹಾಕಿ, ಸ್ಪೀಡ್ ಫೀಡ್ ಇಳಿಸಿ ಓಡಿಸುತ್ತಾರೆ. ತುದಿ 26.55ಕ್ಕೇ ಹೋಗುತ್ತದೆ, ಆದರೆ ಈ ಮೂತಿ ಉದ್ದ. ಗೋಡೆ 24ಕ್ಕೆ ನಿಂತಿತು. ನಮ್ಮ ಪ್ಲೇಟಿನಲ್ಲಾದರೆ 23.75ರ ಟ್ಯಾಪಿಗೆ ಕಾಲು ಮಿ.ಮೀ ಉಳಿಯಿತು. ಒಂದಿಷ್ಟು ಬರ್ ಕೂತರೂ ಮುಗಿಯಿತು.

ಗ್ರೈಂಡರ್‌ನಲ್ಲಿ ಕೈಯಲ್ಲಿ ಸಾಣೆ ಹಿಡಿದ ಡ್ರಿಲ್ಲಿನ ಕತೆಯೂ ಇದೇ. ನಮ್ಮ ಹಳೇ ಕೆಲಸಗಾರರ ಕೈಯಲ್ಲಿ 118 ಅಂದರೆ 118 ಬರುತ್ತಿತ್ತು. ಎಲ್ಲರಿಗೂ ಆ ಕೈ ಇರುವುದಿಲ್ಲ. ಮೂತಿ 90 ಡಿಗ್ರಿಯಷ್ಟು ಚೂಪಾದರೆ ಕೋನಿನ ಎತ್ತರ ಡ್ರಿಲ್ಲಿನ ಅರ್ಧ ಅಗಲದಷ್ಟಾಗುತ್ತದೆ, ಅಂದರೆ 8.5ಕ್ಕೆ 4.25. ಸಾಣೆ ಕಲ್ಲಿನ ಪಕ್ಕದಲ್ಲೇ ಒಂದು 59 ಡಿಗ್ರಿಯ ಡ್ರಿಲ್ ಗೇಜ್ ತೂಗುಹಾಕಿ. ಎರಡೂ ಅಂಚನ್ನು ಅದಕ್ಕೆ ಹಿಡಿದು ಬೆಳಕಿಗೆ ಎತ್ತಿ ನೋಡಿ, ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಕಲ್ಲಿಗೆ. ಸೆಟಪ್ ಶೀಟ್‌ನಲ್ಲಿ "8.5 ಡ್ರಿಲ್" ಅಂತಷ್ಟೇ ಬರೆಯಬೇಡಿ. "8.5, 118 ಡಿಗ್ರಿ" ಅಂತ ಬರೆಯಿರಿ. ನಮ್ಮಲ್ಲಿ ಈಗ ಪಿನ್ನಿನ ಅಳತೆಗೂ ಅದೇ ಶೀಟ್‌ನಲ್ಲಿ ಒಂದು ಖಾನೆ ಇದೆ. ಮೊದಲ ಜಾಬಿಗೆ ಪಿನ್ ಇಳಿಸಿ, ಮೇಲೆ ಎಷ್ಟು ಉಳಿಯಿತು ಅಂತ ಬರೆದ ಮೇಲೆಯೇ ಟ್ಯಾಪ್ ಹಾಕುತ್ತಾರೆ.