11 ನಿಮಿಷದ ಚಿತ್ರ, 2 ನಿಮಿಷದ ಮಾತು

ದಾವಣಗೆರೆಯಲ್ಲಿ ನಾವು ಕೆಲವರು ಆಗಾಗ ಸಾಕ್ಷ್ಯಚಿತ್ರ ತೋರಿಸುತ್ತೇವೆ. ಕಾಲೇಜು ಹುಡುಗರು, ಮೇಷ್ಟ್ರುಗಳು, ಮುಚ್ಚಿಹೋದ ಹತ್ತಿ ಮಿಲ್ಲುಗಳಲ್ಲಿ ದುಡಿದ ಹಿರಿಯರು ಬರುತ್ತಾರೆ. ಚಿತ್ರಕ್ಕೆ ಮುಂಚೆ ನಾಲ್ಕು ಮಾತಾಡುವುದು ನನ್ನ ಪಾಲಿನ ಕೆಲಸ. ಆ ನಾಲ್ಕು ಮಾತಲ್ಲೇ ಒಮ್ಮೆ ಒಳ್ಳೆಯ ಚಿತ್ರವೊಂದನ್ನು ಕೆಡಿಸಿದ್ದೇನೆ.

ಚಿತ್ರದ ಹೆಸರು ‘ಗ್ಲಾಸ್’. ನೆದರ್‌ಲ್ಯಾಂಡ್ಸ್‌ನ ಬರ್ಟ್ ಹಾನ್‌ಸ್ಟ್ರಾ 1958ರಲ್ಲಿ ಗಾಜಿನ ಕಾರ್ಖಾನೆಯಲ್ಲಿ ತೆಗೆದದ್ದು. ಸುಮಾರು 11 ನಿಮಿಷ. ಮೊದಲು ಕೆಲಸಗಾರರು ಉದ್ದನೆಯ ಕೊಳವೆಗೆ ಬಾಯಿಟ್ಟು ಊದಿ, ಕೆಂಪಗೆ ಕಾದ ಗಾಜಿಗೆ ರೂಪ ಕೊಡುತ್ತಾರೆ. ಜೊತೆಗೆ ಜಾಝ್ ಸಂಗೀತ. ಆಮೇಲೆ ಯಂತ್ರ ಬಾಟಲಿ ಮಾಡುವುದನ್ನು ತೋರಿಸುತ್ತಾರೆ. ಅಲ್ಲೊಂದು ಬಾಟಲಿಯ ಕತ್ತು ಮುರಿದು ಸಿಕ್ಕಿಕೊಳ್ಳುತ್ತದೆ. ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಹಿಂದಿನಿಂದ ಬಂದ ಬಾಟಲಿಗಳು ಬಿದ್ದು ಒಡೆಯುತ್ತಾ ಹೋಗುತ್ತವೆ. ಕೊನೆಗೆ ಒಬ್ಬ ಮನುಷ್ಯ ಬಂದು ಸರಿ ಮಾಡುತ್ತಾನೆ. (ನಿಮಗೆ ಹೇಳಿಬಿಟ್ಟೆ. ಮುಂದಿನ ಮಾತಿಗೆ ಇದು ಬೇಕಿತ್ತು.)

ಮೊದಲ ಸಲ ನಾನು ಹತ್ತು ನಿಮಿಷ ಮಾತಾಡಿದೆ. ಚಿತ್ರಕ್ಕೆ ಆಸ್ಕರ್ ಬಂದದ್ದು ಹೇಳಿದೆ. ಬಾಟಲಿ ಒಡೆಯುವುದನ್ನೂ ಹೇಳಿದೆ, ಅದರ ಅರ್ಥವನ್ನೂ ಹೇಳಿದೆ. ಹೇಳದೆ ಬಿಟ್ಟದ್ದು ಒಂದೇ: ಈ ಚಿತ್ರದಲ್ಲಿ ವಿವರಣೆಯ ಧ್ವನಿ ಇಲ್ಲ ಅನ್ನುವುದು. ಶುರುವಾಗಿ ಒಂದು ನಿಮಿಷಕ್ಕೆ ಹಿಂದಿನಿಂದ ಯಾರೋ ಕೂಗಿದರು, “ಮಾತು ಕೇಳಿಸ್ತಿಲ್ಲ ಸಾರ್, ವೈರ್ ನೋಡ್ರಿ!” ನಗಬೇಕಾದ ಜಾಗದಲ್ಲಿ ಒಬ್ಬರೂ ನಗಲಿಲ್ಲ. ಏನು ಬರುತ್ತದೆ ಅಂತ ಮೊದಲೇ ಗೊತ್ತಿತ್ತಲ್ವಾ. ಚಿತ್ರ ಮುಗಿದ ಮೇಲೆ ಏನನ್ನಿಸಿತು ಅಂತ ಕೇಳಿದರೆ, ಒಬ್ಬ ಹುಡುಗ ನನ್ನದೇ ವಾಕ್ಯವನ್ನು ನನಗೆ ಒಪ್ಪಿಸಿದ. ಪೀಠಿಕೆ ಜಾಸ್ತಿಯಾಯಿತು ಅಂತ ಗೊತ್ತಾಗುವುದೇ ಹೀಗೆ. ಜನ ತೆರೆಯ ಮೇಲೆ ಕಂಡದ್ದನ್ನು ಹೇಳುವುದಿಲ್ಲ, ನೀವು ಹೇಳಿದ್ದನ್ನೇ ವಾಪಸ್ ಕೊಡುತ್ತಾರೆ.

ಮುಂದೆ ಬೇರೆ ಜನರಿಗೆ ಅದೇ ಚಿತ್ರ ತೋರಿಸುವುದಿತ್ತು. ಈ ಸಲ ಹಿಂದಿನ ರಾತ್ರಿ ಒಬ್ಬನೇ ಕೂತು ಮೂರು ಸಲ ನೋಡಿದೆ. ಎರಡನೇ ಸಲ ಧ್ವನಿ ಪೂರ್ತಿ ಕಮ್ಮಿ ಮಾಡಿದೆ, ಮೂರನೇ ಸಲ ಕಣ್ಣು ಮುಚ್ಚಿ ಬರೀ ಕೇಳಿದೆ. ಹಾಗೆ ಮಾಡಿದಾಗ ಚಿತ್ರ ಯಾವ ಕೀಲಿನ ಮೇಲೆ ತಿರುಗುತ್ತದೆ ಅಂತ ಸಿಕ್ಕಿತು. ತೆರೆಯ ಮೇಲಿಂದ ಕೈಗಳು ಮಾಯವಾಗುತ್ತವೆ, ಅದರ ಜೊತೆಗೇ ಸಂಗೀತವೂ ಬದಲಾಗುತ್ತದೆ. ಜನರಿಗೆ ಇವೆರಡನ್ನೇ ಕೊಟ್ಟರೆ ಸಾಕು ಅನ್ನಿಸಿತು. ಮೂರನೆಯದನ್ನು ಕತ್ತಲಲ್ಲಿ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಆ ದಿನ ಆಡಿದ ಮಾತು ಹೆಚ್ಚುಕಮ್ಮಿ ಇಷ್ಟೇ:

“ಇದು 1958ರ ಚಿತ್ರ, 11 ನಿಮಿಷ. ಗಾಜಿನ ಕಾರ್ಖಾನೆಯಲ್ಲಿ ತೆಗೆದದ್ದು. ಇದರಲ್ಲಿ ಯಾರೂ ವಿವರಣೆ ಕೊಡುವುದಿಲ್ಲ, ಸೌಂಡ್ ಕೆಟ್ಟಿದೆ ಅಂದ್ಕೋಬೇಡಿ. ಕೊಳವೆ ತುದಿಯಲ್ಲಿ ಜೇನಿನ ಹಾಗೆ ಜೋತಾಡುವುದು ಕರಗಿದ ಗಾಜು. ನೀವು ಎರಡು ಕೆಲಸ ಮಾಡಿ. ಕೈಗಳನ್ನು ನೋಡ್ತಾ ಇರಿ, ಎಲ್ಲಿವೆ, ಎಲ್ಲಿ ಇಲ್ಲ ಅಂತ. ಸಂಗೀತ ಎಲ್ಲಿ ಬದಲಾಗುತ್ತೆ, ಅದನ್ನು ಕೇಳಿ.”

ಇದರಲ್ಲಿ ಒಂದು ಕ್ರಮ ಇದೆ. ಗಾಬರಿ ಹುಟ್ಟಿಸಬಹುದಾದದ್ದನ್ನು ಮೊದಲೇ ಹೇಳಿ ಮುಗಿಸಬೇಕು. ಗೊತ್ತಿಲ್ಲದ ವಸ್ತು ಇದ್ದರೆ ಗುರುತು ಹೇಳಬೇಕು. ನೋಡುವ ಕೆಲಸ ಕೊನೆಗೆ ಬರಬೇಕು, ಕೊನೆಯ ಮಾತು ಮುಗಿದ ತಕ್ಷಣ ದೀಪ ಆರಬೇಕು. ಅದಕ್ಕಾಗಿ ಚಿತ್ರವನ್ನು ಮೊದಲ ದೃಶ್ಯದಲ್ಲೇ ನಿಲ್ಲಿಸಿ ಇಟ್ಟಿದ್ದೆ. ಸ್ವಾಗತ, ಹಾರ ತುರಾಯಿ ಎಲ್ಲ ಮೊದಲೇ ಮುಗಿಸಿಕೊಂಡೆ. ಪೀಠಿಕೆ ಆದ ಮೇಲೆ ಅತಿಥಿಯೊಬ್ಬರು ಐದು ನಿಮಿಷ ಮಾತಾಡಿದರೆ, ಕೈ ನೋಡಿ ಅಂದದ್ದು ಯಾರ ತಲೆಯಲ್ಲೂ ಉಳಿದಿರುವುದಿಲ್ಲ.

ಈ ಲೆಕ್ಕ ಎಲ್ಲ ಚಿತ್ರಕ್ಕೂ ನಡೆಯುವುದಿಲ್ಲ. ಕೆಳಗೆ ಅಕ್ಷರ ಓಡುವ ಚಿತ್ರವಾದರೆ ಕಣ್ಣು ಅಲ್ಲೇ ಸಿಕ್ಕಿಬಿದ್ದಿರುತ್ತದೆ. ಆಗ ನೋಡುವ ಕೆಲಸ ಒಂದಕ್ಕಿಂತ ಜಾಸ್ತಿ ಕೊಡಬೇಡಿ. ಓದಲು ಬಾರದವರು ಇದ್ದರೆ ಕತೆಯ ಎಳೆಯನ್ನೇ ನಾಲ್ಕು ವಾಕ್ಯದಲ್ಲಿ ಹೇಳಬೇಕಾಗುತ್ತದೆ.

ಒಂದು ಆಸೆಯನ್ನು ಆ ದಿನ ಕಷ್ಟಪಟ್ಟು ನುಂಗಿಕೊಂಡಿದ್ದೆ. ದಾವಣಗೆರೆಯಲ್ಲಿ ನಿಂತು ಯಂತ್ರ, ಕೈ ಅಂದರೆ ಹತ್ತಿ ಮಿಲ್ಲಿನ ಹೆಸರು ನಾಲಿಗೆ ತುದಿಗೇ ಬರುತ್ತದೆ. ಬೇಕಂತಲೇ ಎತ್ತಲಿಲ್ಲ. ಬಾಟಲಿ ಒಡೆಯುವಾಗ ಸಭೆ ಜೋರಾಗಿ ನಕ್ಕಿತು. ದೀಪ ಹತ್ತಿದ ಮೇಲೆ ಎರಡನೇ ಸಾಲಿನ ಹಿರಿಯರೊಬ್ಬರು, ನಾನು ಕೇಳುವ ಮೊದಲೇ ಎದ್ದು ನಿಂತರು.

“ಕೈ ಎಲ್ಲಿ ಅಂತ ಕೇಳಿದ್ರಲ್ಲ. ನಮ್ ಮಿಲ್ಲಲ್ಲೂ ಹಿಂಗೇರೀ. ಮಿಷನ್ ತನ್ ಪಾಡಿಗೆ ತಿರುಗೋದು. ನೂಲು ಕಡೀತು ಅಂದ್ರೆ ಕೈನೇ ಹೋಗ್ಬೇಕಿತ್ತು.” ಅಂದವರು ಹೆಬ್ಬೆರಳು, ತೋರುಬೆರಳು ಸೇರಿಸಿ, ಇಲ್ಲದ ನೂಲನ್ನು ಹೊಸೆದು ತೋರಿಸಿದರು.