ಕ್ಲಬ್ಬಿನ ನಗದು ಅಷ್ಟೇ ಇದೆ, ಉಳಿದದ್ದು ಎಲ್ಲಿ ಹೋಯ್ತು?

ಒಂದು ಷಟಲ್ ಕ್ಲಬ್ಬಿನ ಲೆಕ್ಕ ತೆಗೆದುಕೊಳ್ಳೋಣ. ಅಂಕಿಗಳನ್ನು ಉದಾಹರಣೆಗೆಂದು ನಾನೇ ಇಟ್ಟಿದ್ದೇನೆ. ಏಪ್ರಿಲ್ 1ರಂದು ಕೈಯಲ್ಲಿ 20,000 ರೂಪಾಯಿ ಇತ್ತು. ವರ್ಷದಲ್ಲಿ ಚಂದಾ 1,20,000, ಆಜೀವ ಸದಸ್ಯತ್ವದ ಹಣ 25,000 ಬಂತು. ಕಾಕ್‌ಗಳಿಗೆ 40,000, ಹಾಲ್ ಬಾಡಿಗೆಗೆ 45,000, ಹೊಸ ಮ್ಯಾಟ್‌ಗೆ 60,000 ಹೋಯಿತು. ಮಾರ್ಚ್ 31ಕ್ಕೆ ಕೈಯಲ್ಲಿ ಮತ್ತೆ ಅದೇ 20,000!

ಸ್ವೀಕೃತಿ ಮತ್ತು ಪಾವತಿ ಖಾತೆ ಹೇಳುವುದು ಇಷ್ಟೇ. ಹಣ ಯಾವ ವರ್ಷಕ್ಕೆ ಸೇರಿದ್ದು ಅಂತ ಅದು ಕೇಳುವುದಿಲ್ಲ. ಆದಾಯ ಮತ್ತು ವೆಚ್ಚ ಖಾತೆ ಕೇಳುವುದು ಅದನ್ನೇ.

ಚಂದಾ ನೋಡಿ. ಬಂದ 1,20,000ದಲ್ಲಿ 10,000 ಹೋದ ವರ್ಷದ ಬಾಕಿ, 6,000 ಮುಂದಿನ ವರ್ಷದ ಮುಂಗಡ. ಎರಡನ್ನೂ ಕಳೆಯಬೇಕು. ಈ ವರ್ಷದ 14,000 ಇನ್ನೂ ಸದಸ್ಯರ ಹತ್ತಿರವೇ ಇದೆ, ಅದನ್ನು ಸೇರಿಸಬೇಕು. ಆಗ ಈ ವರ್ಷದ ಚಂದಾ 1,18,000.

ಕಾಕ್‌ಗಳ ಕಥೆ ಸ್ವಲ್ಪ ಉದ್ದ. ಕೊಟ್ಟ 40,000ದ ಜೊತೆಗೆ ಅಂಗಡಿಗೆ 6,000 ಬಾಕಿ ಇದೆ. ಅಂದರೆ ಕೊಂಡದ್ದು 46,000ದ ಮಾಲು. ವರ್ಷದ ಶುರುವಿನಲ್ಲಿ ಬೀರುವಿನಲ್ಲಿ 5,000ದ ಡಬ್ಬಿಗಳಿದ್ದವು, ಕೊನೆಗೆ 8,000ದ್ದು ಉಳಿದವು. ಹೊಡೆದು ಪುಡಿ ಮಾಡಿದ್ದು 43,000ದ ಕಾಕ್. ವೆಚ್ಚ ಅಂದರೆ ಅದೇ. ಮಾರ್ಚ್ 31ರ ಸಂಜೆ ಯಾರೂ ಡಬ್ಬಿ ಎಣಿಸದಿದ್ದರೆ ಈ ಅಂಕಿ ಬರೀ ಊಹೆ. ಚಿಕ್ಕ ಕ್ಲಬ್ಬುಗಳು ಎಡವುವುದು ಜಾಸ್ತಿ ಇಲ್ಲೇ ಅನ್ನುವುದು ನನ್ನ ಅನಿಸಿಕೆ.

ಮ್ಯಾಟ್ ಹಲವು ವರ್ಷ ಬಾಳುವ ಆಸ್ತಿ. ಅಕ್ಟೋಬರ್ 1ರಂದು ಕೊಂಡದ್ದು, ವರ್ಷಕ್ಕೆ ಶೇ. 10 ಸವಕಳಿ ಎಂದರೆ ಆರು ತಿಂಗಳಿಗೆ 3,000 ಮಾತ್ರ ವೆಚ್ಚ. ಬಾಡಿಗೆ 45,000 ಪೂರ್ತಿ ಈ ವರ್ಷದ್ದೇ. ಒಟ್ಟು ವೆಚ್ಚ 91,000. ಈ ವರ್ಷದ ಚಂದಾ 1,18,000ದಲ್ಲಿ ಅದನ್ನು ಕಳೆದರೆ ಹೆಚ್ಚುವರಿ 27,000.

ಇನ್ನು ಬ್ಯಾಲೆನ್ಸ್ ಶೀಟ್. ಮೊದಲು ವರ್ಷದ ಶುರುವಿನ ಬಂಡವಾಳ ನಿಧಿ, ಅಂದರೆ ಆಸ್ತಿಯಲ್ಲಿ ಸಾಲ ಕಳೆದು ಕ್ಲಬ್ಬಿಗೇ ಉಳಿಯುವುದು, ಎಷ್ಟು ಅಂತ ತಿಳಿಯಬೇಕು. ನಗದು 20,000, ಚಂದಾ ಬಾಕಿ 10,000, ಕಾಕ್ 5,000. ಸಾಲ ಏನೂ ಇಲ್ಲ. ಹಾಗಾಗಿ ನಿಧಿ 35,000. ಅದಕ್ಕೆ ಹೆಚ್ಚುವರಿ 27,000, ಆಜೀವ ಸದಸ್ಯತ್ವದ 25,000 ಸೇರಿ 87,000. ಅಂಗಡಿ ಬಾಕಿ 6,000, ಮುಂಗಡ ಚಂದಾ 6,000 ಕೂಡಿದರೆ ಒಂದು ಕಡೆ 99,000. ಇನ್ನೊಂದು ಕಡೆ ನಗದು 20,000, ಚಂದಾ ಬಾಕಿ 14,000, ಕಾಕ್ 8,000, ಮ್ಯಾಟ್ 57,000. ಅದೂ 99,000.

ತಾಳೆಯಾಯಿತು ಅಂತ ಖಜಾಂಚಿ ಸುಮ್ನೆ ಎದ್ದು ಹೋಗುವಂತಿಲ್ಲ. ಆಜೀವ ಸದಸ್ಯತ್ವದ 25,000ವನ್ನು ಆದಾಯಕ್ಕೇ ಹಾಕಿದ್ದರೆ ಹೆಚ್ಚುವರಿ 52,000 ಆಗುತ್ತಿತ್ತು. ಆದರೆ ನಿಧಿ ಮಾತ್ರ ಅದೇ 87,000, ಶೀಟ್ ಆಗಲೂ ತಾಳೆಯಾಗುತ್ತಿತ್ತು ಅಲ್ವಾ? ಆ ಸದಸ್ಯರು ಇನ್ನು ಚಂದಾ ಕೊಡುವುದಿಲ್ಲ, ಆಟಕ್ಕೆ ಮಾತ್ರ ಬರುತ್ತಲೇ ಇರುತ್ತಾರೆ. 52,000 ನಂಬಿ ಚಂದಾ ಇಳಿಸಿದರೆ ಮುಂದಿನ ವರ್ಷ ಕಾಕ್ ಕೊಳ್ಳುವಾಗ ಗೊತ್ತಾಗುತ್ತದೆ.