ಹೆಂಡತಿ ಹೆಸರಿನ ಠೇವಣಿ, ಗಂಡನ ಲೆಕ್ಕದ ಬಡ್ಡಿ

ಕಾರವಾರದಲ್ಲಿ ನೌಕರಿ ಮಾಡುವ, ಸಿದ್ದಾಪುರ ಕಡೆಯ ಒಬ್ಬರು ರಿಟರ್ನ್ ತುಂಬಿಸಲು ನನ್ನ ಹತ್ತಿರ ಬಂದಿದ್ದರು. ಊರಿನ ತೋಟದಲ್ಲಿ ಅವರಿಗೂ ಪಾಲುಂಟು. ವರ್ಷಾವರ್ಷ ಕೂಡಿಟ್ಟ ಅಡಿಕೆ ದುಡ್ಡು 10 ಲಕ್ಷ ರೂಪಾಯಿಯನ್ನು ಹೆಂಡತಿಯ ಖಾತೆಗೆ ಹಾಕಿದ್ದರು. ಆಕೆ ಮನೆವಾರ್ತೆ ನೋಡಿಕೊಳ್ಳುವವರು, ಬೇರೆ ಆದಾಯವಿಲ್ಲ. ಆ ಹಣವನ್ನು ಶೇ. 7ರ ಬಡ್ಡಿಗೆ ಒಂದು ಬ್ಯಾಂಕಿನಲ್ಲಿ ಠೇವಣಿ ಇಟ್ಟರು. ತೆರಿಗೆ ಹಿಡಿಯಬೇಡಿ ಎಂದು 15ಜಿ ಫಾರ್ಮನ್ನೂ ಕೊಟ್ಟರು. ವರ್ಷದ ಬಡ್ಡಿ 70,000 ರೂಪಾಯಿ. ಅದನ್ನು ನಿಮ್ಮ ಆದಾಯಕ್ಕೇ ಸೇರಿಸಬೇಕು ಎಂದಾಗ ಅವರಿಗೆ ಬೇಜಾರಾಯಿತು.

"ಅಡಿಕೆ ದುಡ್ಡಿಗೆ ಟ್ಯಾಕ್ಸ್ ಇಲ್ಲೆ, ಹೆಂಡತಿಗೆ ಕೊಟ್ಟ ಗಿಫ್ಟಿಗೂ ಟ್ಯಾಕ್ಸ್ ಇಲ್ಲೆ. ಮತ್ತೆ ಇದೆಂತಕ್ಕೆ ನನ್ನ ತಲೆಗೆ ಬಂತು?"

ಅವರು ಹೇಳಿದ ಎರಡೂ ಮಾತು ಸರಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಗಂಡ ಹೆಂಡತಿಗೆ ಎಷ್ಟು ಕೊಟ್ಟರೂ ಕೊಟ್ಟವರಿಗೂ ತೆರಿಗೆ ಇಲ್ಲ, ಪಡೆದವರಿಗೂ ಇಲ್ಲ. ಆದರೆ ಅಡಿಕೆ ದುಡ್ಡು ಠೇವಣಿಯಾದ ಮೇಲೆ ಅದರಿಂದ ಬರುವ ಬಡ್ಡಿ ಕೃಷಿ ಆದಾಯವಲ್ಲ. ಆ ಬಡ್ಡಿ ಯಾರ ಲೆಕ್ಕಕ್ಕೆ ಹೋಗಬೇಕು ಎನ್ನುವುದು ಬೇರೆಯದೇ ಪ್ರಶ್ನೆ, ಮತ್ತು ಅದಕ್ಕೆ ಉತ್ತರ 1937ರಲ್ಲೇ ಸಿಕ್ಕಿದೆ.

1922ರ ಆದಾಯ ತೆರಿಗೆ ಕಾಯ್ದೆ ಬಂದಾಗ ಇಂಥ ನಿಯಮ ಇರಲಿಲ್ಲ. ಆದಾಯ ಏರಿದಂತೆ ತೆರಿಗೆ ದರವೂ ಏರುವಲ್ಲಿ, ಒಬ್ಬರ ಆದಾಯವನ್ನು ಇಬ್ಬರ ಹೆಸರಿಗೆ ಹಂಚಿದರೆ ಇಬ್ಬರೂ ಕೆಳಗಿನ ದರದಲ್ಲಿ ಉಳಿಯುತ್ತಾರೆ. ಹಣ ಮನೆಯಲ್ಲೇ ಇರುತ್ತದೆ, ತೆರಿಗೆ ಮಾತ್ರ ತಗ್ಗುತ್ತದೆ. ಇದನ್ನು ತಡೆಯಲು 1937ರಲ್ಲಿ ಕಾಯ್ದೆಗೆ 16(3) ಉಪಕಲಂ ಸೇರಿತು. ಸರಿಯಾದ ಪ್ರತಿಫಲವಿಲ್ಲದೆ ಹೆಂಡತಿಗೋ ಅಪ್ರಾಪ್ತ ಮಗುವಿಗೋ ಆಸ್ತಿ ಕೊಟ್ಟರೆ, ಅದರಿಂದ ಹುಟ್ಟುವ ಆದಾಯ ಕೊಟ್ಟವನದೇ ಎಂದು ಅದು ಹೇಳಿತು. ಇದನ್ನೇ ಇವತ್ತು ಕ್ಲಬ್ಬಿಂಗ್ ಅನ್ನುತ್ತೇವೆ.

ಆ ನಿಯಮದಲ್ಲಿದ್ದ ಪದ 'ವ್ಯಕ್ತಿ'. ವ್ಯಕ್ತಿ ಎಂದರೆ ಗಂಡಸು ಮಾತ್ರವೇ, ಹೆಂಗಸೂ ಸೇರುತ್ತಾಳೆಯೇ? ಅಪ್ರಾಪ್ತ ಮಕ್ಕಳಿಗೆ ಪಾಲುದಾರಿಕೆ ಸಂಸ್ಥೆಯಿಂದ ಬಂದ ಲಾಭವನ್ನು ತಾಯಿಯ ಲೆಕ್ಕಕ್ಕೆ ಸೇರಿಸಿದ್ದ ಸೋದ್ರಾ ದೇವಿ ಪ್ರಕರಣದಲ್ಲಿ, ಅದು ಪುರುಷನಿಗೆ ಮಾತ್ರ ಅನ್ವಯ ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ತೀರ್ಪಿತ್ತಿತು. 1961ರ ಹೊಸ ಕಾಯ್ದೆಯ 64ನೇ ಕಲಂ 'ಹೆಂಡತಿ' ಎಂಬುದನ್ನು ತೆಗೆದು 'ಪತಿ ಅಥವಾ ಪತ್ನಿ' ಎಂಬ ಅರ್ಥದ ಪದ ಹಾಕಿತು. ಹಾಗಾಗಿ ಇವತ್ತು ಹೆಂಡತಿ ಗಂಡನಿಗೆ ಕೊಟ್ಟರೂ ಲೆಕ್ಕ ಅದೇ. ದುಡಿಯುವ ಹೆಂಗಸರು ಇದನ್ನು ಮರೆಯುವುದನ್ನು ನಾನು ಬಹಳ ನೋಡಿದ್ದೇನೆ.

ನಗದು ಕೊಟ್ಟರೆ ಏನು? ಗಂಡ ಕೊಟ್ಟ ಹಣದಲ್ಲಿ ಹೆಂಡತಿ ಸ್ವಂತ ನಿರ್ಧಾರದಿಂದ ಷೇರು ಕೊಂಡರೆ, ಆ ಷೇರು ಗಂಡ ಕೊಟ್ಟದ್ದಲ್ಲವಲ್ಲ? 1970ರ ದಶಕದ ಆರಂಭದಲ್ಲಿ ಮೋಹಿನಿ ಥಾಪರ್ ಪ್ರಕರಣದಲ್ಲಿ ಈ ವಾದ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಹಣ ರೂಪ ಬದಲಿಸಿದರೂ ಅದರ ಆದಾಯ ಪರೋಕ್ಷವಾಗಿ ಕೊಟ್ಟ ಹಣದಿಂದಲೇ ಹುಟ್ಟಿದ್ದು. ಕಾರವಾರದ ಆ ಠೇವಣಿ ಸಿಕ್ಕಿಬೀಳುವುದು ಇಲ್ಲೇ.

ಆದರೆ ಕೊಡುವ ದಿನ ಗಂಡ-ಹೆಂಡತಿ ಸಂಬಂಧ ಇರಲೇಬೇಕು. ಮದುವೆಗೆ ಮೊದಲು ಭಾವೀ ಪತ್ನಿಗೆ ಕೊಟ್ಟ ಷೇರುಗಳ ಆದಾಯವನ್ನು ಗಂಡನಿಗೆ ಸೇರಿಸಲಾಗದು ಎಂದು 1963ರಲ್ಲಿ ಪ್ಲಾಸ್ಕೆಟ್ ಥಾಮಸ್ ಪ್ರಕರಣದಲ್ಲಿ ತೀರ್ಮಾನವಾಯಿತು. ಆದಾಯ ಬರುವಾಗಲೂ ಸಂಬಂಧ ಇರಬೇಕು. ಬೇರೆ ವಾಸಿಸುವ ಒಪ್ಪಂದದ ಭಾಗವಾಗಿ ಕೊಟ್ಟದ್ದಕ್ಕೂ ಕ್ಲಬ್ಬಿಂಗ್ ಇಲ್ಲ.

ಇನ್ನು ಗಿಫ್ಟಿನ ಗೊಂದಲ. 1958ರಲ್ಲಿ ದಾನ ತೆರಿಗೆ ಬಂತು, 1998ರ ಅಕ್ಟೋಬರ್ 1ರಿಂದ ನಿಂತಿತು. 2004ರಿಂದ ಹೊರಗಿನವರಿಂದ ಬಂದ ದೊಡ್ಡ ಮೊತ್ತವನ್ನು ಪಡೆದವರ ಆದಾಯವೆಂದು ಹಿಡಿಯತೊಡಗಿದರೂ ಗಂಡ, ಹೆಂಡತಿ, ಹತ್ತಿರದ ನೆಂಟರನ್ನು ಬಿಟ್ಟರು. 'ಗಿಫ್ಟಿಗೆ ಟ್ಯಾಕ್ಸ್ ಇಲ್ಲ' ಎಂಬ ಮಾತು ಜನರ ಬಾಯಲ್ಲಿ ನಿಂತದ್ದು ಹೀಗೆ. ಅದು ಅಸಲಿನ ಮಾತು, ಬಡ್ಡಿಯ ಮಾತಲ್ಲ. ನನ್ನ ಅನುಭವದಲ್ಲಿ ತಪ್ಪುವ ಹತ್ತರಲ್ಲಿ ಒಂಬತ್ತು ಮಂದಿ ತಪ್ಪುವುದು ಇಲ್ಲೇ, ಮೋಸ ಮಾಡುವ ಮನಸ್ಸಿನಿಂದಲ್ಲ.

ಈಗ ಆ 70,000ಕ್ಕೆ ಬರೋಣ. ಅವರು ಶೇ. 30ರ ಹಂತದಲ್ಲಿದ್ದರು. ಸೆಸ್ ಸೇರಿ 31.2, ಅಂದರೆ 21,840 ರೂಪಾಯಿ ತೆರಿಗೆ. ಎರಡನೇ ವರ್ಷದ ಲೆಕ್ಕ ಬೇರೆ. ಮೊದಲ ವರ್ಷದ 70,000 ಬಡ್ಡಿ ಹೆಂಡತಿಯ ಸ್ವಂತ ಹಣ. ಅದನ್ನು ಮತ್ತೆ ಶೇ. 7ಕ್ಕೆ ಇಟ್ಟರೆ ಬರುವ 4,900 ಆಕೆಯದೇ ಆದಾಯ, ಗಂಡನಿಗೆ ಸೇರದು. ಕ್ಲಬ್ಬಿಂಗ್ ಕೊಟ್ಟ ಆಸ್ತಿಯ ಆದಾಯಕ್ಕೆ ಮಾತ್ರ, ಆ ಆದಾಯದ ಆದಾಯಕ್ಕಲ್ಲ. ಚಕ್ರಬಡ್ಡಿ ಠೇವಣಿಯಾದರೆ ಎರಡೂ ಒಟ್ಟಿಗೆ 74,900 ಎಂದು ಕಾಣುತ್ತದೆ, ಬಿಡಿಸುವುದು ಕಷ್ಟ. ಅದಕ್ಕೇ ಬಡ್ಡಿಯನ್ನು ಪ್ರತಿವರ್ಷ ಆಕೆಯ ಉಳಿತಾಯ ಖಾತೆಗೆ ತಂದು ಬೇರೆ ಠೇವಣಿ ಮಾಡಿ ಎನ್ನುತ್ತೇನೆ. ಹತ್ತು ವರ್ಷದ ನಂತರ ಯಾರಾದರೂ ಕೇಳಿದರೆ ಎರಡು ರಸೀದಿಯೇ ಉತ್ತರ ಹೇಳುತ್ತವೆ.

ರಿಟರ್ನಿನಲ್ಲಿ ಇದನ್ನು ತೋರಿಸಲು Schedule SPI ಎಂಬ ಪಟ್ಟಿ ಇದೆ. ಹೆಂಡತಿಯ ಹೆಸರು, ಸಂಬಂಧ, ಮೊತ್ತ ಅಲ್ಲಿ ಬರೆಯಬೇಕು. ಬ್ಯಾಂಕು ಬಡ್ಡಿಯನ್ನು ಹೆಂಡತಿಯ ಪ್ಯಾನ್‌ಗೆ ವರದಿ ಮಾಡುವುದರಿಂದ AIS ಹೇಳಿಕೆಯಲ್ಲಿ ಅದು ಆಕೆಯ ಹೆಸರಲ್ಲೇ ಕಾಣುತ್ತದೆ. ಇದನ್ನು ನೋಡಿ ಆಕೆಯ ಹೆಸರಲ್ಲೇ ರಿಟರ್ನ್ ಹಾಕಿ ಮುಗಿಸುವವರಿದ್ದಾರೆ. ಬಡ್ಡಿಯನ್ನು ತೋರಿಸಿದ್ದೇವಲ್ಲ ಎಂದರೆ ಆಗದು, ತಪ್ಪು ಕೈಯಲ್ಲಿ ತೋರಿಸಿದಂತೆ. ಬ್ಯಾಂಕು ತೆರಿಗೆ ಕಡಿದಿದ್ದರೆ, ಅದನ್ನು ಗಂಡನ ಹೆಸರಿಗೆ ವರದಿ ಮಾಡಲು ಹೆಂಡತಿ ಬ್ಯಾಂಕಿಗೆ ಬರೆದು ಕೊಡಬೇಕು.

ಮಕ್ಕಳ ವಿಷಯ 1992ರಲ್ಲಿ ಬಿಗಿಯಾಯಿತು. ಅದಕ್ಕೆ ಮೊದಲು ಮುಖ್ಯವಾಗಿ ಹೆತ್ತವರು ಕೊಟ್ಟ ಆಸ್ತಿಯ ಆದಾಯ ಸೇರುತ್ತಿತ್ತು. ಆಮೇಲೆ ಅಜ್ಜ ಕೊಟ್ಟ ಹಣದ ಬಡ್ಡಿಯೂ, ತಂದೆ-ತಾಯಿಯಲ್ಲಿ ಹೆಚ್ಚು ಆದಾಯವಿರುವವರಿಗೆ ಸೇರತೊಡಗಿತು. ಮಗುವೊಂದಕ್ಕೆ 1,500 ರೂಪಾಯಿ ವಿನಾಯಿತಿ ಕೊಟ್ಟರು, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಅದೂ ಇಲ್ಲ. ಮಗು ತನ್ನ ಪ್ರತಿಭೆಯಿಂದ ಗಳಿಸಿದ್ದು ಮಾತ್ರ ಮಗುವಿನದು. ಯಕ್ಷಗಾನದಲ್ಲಿ ಬಾಲಗೋಪಾಲ ವೇಷ ಕಟ್ಟಿದ ಹುಡುಗನಿಗೆ ಸಂಭಾವನೆ ಬಂದರೆ ಅದು ಅವನ ಸ್ವಂತ ಆದಾಯ. ಅದೇ ಸಂಭಾವನೆಯನ್ನು ಠೇವಣಿ ಇಟ್ಟರೆ, 18 ತುಂಬುವವರೆಗೆ ಬರುವ ಬಡ್ಡಿ ಅಪ್ಪನಿಗೋ ಅಮ್ಮನಿಗೋ ಸೇರುತ್ತದೆ.

ಮಾಜಾಳಿ ಗಡಿಯಾಚೆ ಲೆಕ್ಕವೇ ಬೇರೆ. ಗೋವಾದಲ್ಲಿ ಉಳಿದುಬಂದ ಪೋರ್ಚುಗೀಸ್ ನಾಗರಿಕ ಸಂಹಿತೆಗೆ ಒಳಪಟ್ಟ ದಂಪತಿಯ ಆಸ್ತಿ ಇಬ್ಬರದ್ದೂ ಆದ್ದರಿಂದ, ಸಂಬಳ ಬಿಟ್ಟು ಉಳಿದ ಆದಾಯವನ್ನು ಕಾಯ್ದೆಯೇ ಇಬ್ಬರಿಗೂ ಅರ್ಧರ್ಧ ಹಂಚುತ್ತದೆ. ಅದು ಆ ಸಂಹಿತೆಗೆ ಸೇರಿದ ದಂಪತಿಗೆ ಮಾತ್ರ, ಕಾಣಕೋಣದಲ್ಲಿ ಬಾಡಿಗೆ ಮನೆ ಮಾಡಿದ ಕಾರವಾರದವರಿಗಲ್ಲ.

2026ರ ಏಪ್ರಿಲ್ 1ರಿಂದ ಜಾರಿಯಾದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ ಸಂಖ್ಯೆ ಬದಲಾಗಿದೆ, ಲೆಕ್ಕ ಬದಲಾಗಿಲ್ಲ. ಆ ಸಿದ್ದಾಪುರದವರು 21,840 ರೂಪಾಯಿ ಕಟ್ಟಿದರು. ಬಡ್ಡಿಯ 70,000ಕ್ಕೆ ಹೆಂಡತಿಯ ಹೆಸರಲ್ಲಿ ಬೇರೆ ಠೇವಣಿ ಮಾಡಿಸಿ, ಮರುವಾರ ರಸೀದಿಯ ಪ್ರತಿಯನ್ನು ನನ್ನ ಫೈಲಿಗೆ ಕೊಟ್ಟು ಹೋದರು.